ಪೆಟ್ಟಾದದ್ದು ಎಷ್ಟು ಗಂಟೆಗೆ?

ತಲೆಗೆ ಪೆಟ್ಟಾದವರನ್ನು ಎಮರ್ಜೆನ್ಸಿಗೆ ಕರೆತಂದಾಗ ವೈದ್ಯರು ಮನೆಯವರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ‘ಬಿದ್ದದ್ದು ಎಷ್ಟು ಗಂಟೆಗೆ?’ ಗಾಬರಿಯಲ್ಲಿರುವ ಮನೆಯವರು ‘ಸಂಜೆ’ ಎಂದೋ ‘ಈಗ ಸ್ವಲ್ಪ ಹೊತ್ತಿಗೆ ಮುಂಚೆ’ ಎಂದೋ ಹೇಳಿ, ಬೇಗ ಸ್ಕ್ಯಾನ್ ಮಾಡಿಸಿ ಎಂದು ಒತ್ತಾಯಿಸುತ್ತಾರೆ. ಸ್ಕ್ಯಾನ್ ಆದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ಅವರದು. ಆದರೆ ಆ ಸ್ಕ್ಯಾನನ್ನು ಸರಿಯಾಗಿ ಓದಬೇಕಾದರೆ ಪೆಟ್ಟು ಬಿದ್ದ ಗಂಟೆ ಗೊತ್ತಿರಬೇಕು. ತಲೆಯೊಳಗಿನ ರಕ್ತಸ್ರಾವ ಗಂಟೆಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ. ಸಿಟಿ ಸ್ಕ್ಯಾನ್ ಅದರಲ್ಲಿ ಒಂದು ಕ್ಷಣವನ್ನು ಹಿಡಿದು ತೋರಿಸುತ್ತದೆ, ಅಷ್ಟೇ.

ಸಿಟಿ ಯಂತ್ರ ತಲೆಯ ಸುತ್ತ ಎಕ್ಸ್‌-ರೇ ಹಾಯಿಸಿ, ಒಳಗಿನ ಪ್ರತಿಯೊಂದು ಚುಕ್ಕಿಯೂ ಆ ಕಿರಣವನ್ನು ಎಷ್ಟು ತಡೆಯಿತು ಎಂದು ಅಳೆಯುತ್ತದೆ. ಆ ಅಳತೆಗೆ ಈ ಯಂತ್ರವನ್ನು ಕಟ್ಟಿದ ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳು ಈ ಯಂತ್ರದಲ್ಲಿ ಕಾಣಿಸಿತು. ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರು ಸೊನ್ನೆ. ಮೆದುಳಿನ ಸುತ್ತಲಿನ ದ್ರವ ಅದಕ್ಕಿಂತ ತುಸು ಮೇಲೆ, ಮೆದುಳು ಸುಮಾರು 25ರಿಂದ 40, ಹೆಪ್ಪುಗಟ್ಟಿದ ಹೊಸ ರಕ್ತ 60ರಿಂದ 80ರ ಆಸುಪಾಸು, ಗಟ್ಟಿ ಮೂಳೆ ಸಾವಿರ ಅಥವಾ ಇನ್ನೂ ಹೆಚ್ಚು. ಸಂಖ್ಯೆ ಏರಿದಂತೆ ಪರದೆಯ ಮೇಲೆ ಬಿಳುಪು ಹೆಚ್ಚುತ್ತದೆ. ಹಾಗಾಗಿ ದ್ರವ ಕಪ್ಪಾಗಿ, ಮೆದುಳು ಬೂದು ಬಣ್ಣದಲ್ಲಿ, ಹೊಸ ರಕ್ತ ಬೆಳ್ಳಗೆ ಕಾಣುತ್ತದೆ.

ರಕ್ತ ಬೆಳ್ಳಗೆ ಕಾಣಲು ಅದರಲ್ಲಿರುವ ಕಬ್ಬಿಣವೇ ಕಾರಣ ಎಂದು ಹಲವರು ಭಾವಿಸುತ್ತಾರೆ. ಮುಖ್ಯ ಕಾರಣ ಹಿಮೋಗ್ಲೋಬಿನ್ನಿನ ಪ್ರೋಟೀನ್. ರಕ್ತ ಹೆಪ್ಪುಗಟ್ಟಿ ಕುಗ್ಗುವಾಗ ಅದರೊಳಗಿನ ತಿಳಿನೀರು ಹೊರಬಿದ್ದು, ಕೆಂಪು ರಕ್ತಕಣಗಳು ಒತ್ತೊತ್ತಾಗಿ ಕೂಡುತ್ತವೆ. ಆಗ ಸಾಂದ್ರತೆ ಹೆಚ್ಚಿ ಬಿಳುಪೂ ಹೆಚ್ಚುತ್ತದೆ. ಈಗಷ್ಟೇ ಸೋರುತ್ತಿರುವ, ಇನ್ನೂ ಹೆಪ್ಪುಗಟ್ಟದ ರಕ್ತಕ್ಕೆ ಅಷ್ಟು ಬಿಳುಪು ಇರುವುದಿಲ್ಲ. ಬಿಳಿ ಹೆಪ್ಪಿನ ನಡುವೆ ಮಸುಕು ಕಪ್ಪು ಸುಳಿಯೊಂದು ಕಂಡರೆ ರೇಡಿಯಾಲಜಿಸ್ಟ್ ತಕ್ಷಣ ಫೋನ್ ಎತ್ತುತ್ತಾರೆ. ರಕ್ತ ಈ ಕ್ಷಣವೂ ಸೋರುತ್ತಿದೆ ಎಂಬುದಕ್ಕೆ ಅದು ಗುರುತು.

ಒಂದು ಪ್ರಕರಣವನ್ನು ಗಂಟೆಗಂಟೆಯಾಗಿ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ನಮ್ಮ ರಸ್ತೆಗಳಲ್ಲಿ ಮತ್ತೆ ಮತ್ತೆ ಆಗುವುದನ್ನೇ ಒಂದು ಮಾದರಿಯಾಗಿ ಕಟ್ಟಿಕೊಂಡಿದ್ದೇನೆ. ತಿಪಟೂರಿನ ಹತ್ತಿರ ರಾತ್ರಿ 7 ಗಂಟೆಗೆ ಹೆಲ್ಮೆಟ್ ಇಲ್ಲದ ಯುವಕನೊಬ್ಬ ಬೈಕಿನಿಂದ ಬೀಳುತ್ತಾನೆ. ಬಲಗಿವಿಯ ಮೇಲ್ಭಾಗ ರಸ್ತೆಗೆ ಬಡಿಯುತ್ತದೆ. ಒಂದೆರಡು ನಿಮಿಷ ಪ್ರಜ್ಞೆ ತಪ್ಪಿ, ಆಮೇಲೆ ಎದ್ದು ಕೂತು ಫೋನ್ ಎಲ್ಲಿ ಎಂದು ಕೇಳುತ್ತಾನೆ. ಆಸ್ಪತ್ರೆಯಲ್ಲಿ ಅವನ ಎಚ್ಚರದ ಮಟ್ಟ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ ಪೂರ್ತಿ 15. ಈ ಸ್ಕೇಲಿನಲ್ಲಿ ಅತಿ ಕಡಿಮೆ ಅಂಕ 3. 8 ಗಂಟೆಗೆ ಸ್ಕ್ಯಾನ್ ಆಗುತ್ತದೆ. ಫಿಲ್ಮಿನಲ್ಲಿ ರೋಗಿಯ ಬಲಭಾಗ ನೋಡುವವರ ಎಡಕ್ಕೆ ಬರುತ್ತದೆ. ಅಲ್ಲಿ ಕಿವಿಯ ಮೇಲಿನ ತೆಳುವಾದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು, ಅದರ ಒಳಮಗ್ಗುಲಲ್ಲಿ 5 ಮಿಲಿಮೀಟರ್ ದಪ್ಪದ ಬಿಳಿ ಪಟ್ಟಿ. ಒಟ್ಟು ರಕ್ತ ಎರಡು ಮಿಲಿಲೀಟರ್ ಕೂಡ ದಾಟಿರಲಿಕ್ಕಿಲ್ಲ.

ಈ ಪಟ್ಟಿ ಕಣ್ಣು ತಪ್ಪುವುದು ಸುಲಭ. ಮೆದುಳನ್ನು ನೋಡಲು ಪರದೆಯನ್ನು ಸಾಮಾನ್ಯವಾಗಿ ಸೊನ್ನೆಯಿಂದ 80ರವರೆಗಿನ ಸಂಖ್ಯೆಗಳಿಗೆ ಹೊಂದಿಸಿರುತ್ತಾರೆ. ಅದರಾಚೆಗಿನದೆಲ್ಲ ಒಂದೇ ಬಿಳುಪು. ಹೀಗಾಗಿ ಮೂಳೆಗೆ ಅಂಟಿದ ತೆಳು ರಕ್ತದ ಪದರ ಮೂಳೆಯ ಬಿಳುಪಿನಲ್ಲೇ ಕರಗಿಹೋಗುತ್ತದೆ. ಅನುಭವಿಗಳು ಪರದೆಯ ವ್ಯಾಪ್ತಿಯನ್ನು ಹಿಗ್ಗಿಸಿ ಇನ್ನೊಮ್ಮೆ ನೋಡುತ್ತಾರೆ. ಆಗ ಮೂಳೆ ಬೇರೆ, ರಕ್ತ ಬೇರೆ ಎಂದು ಕಾಣುತ್ತದೆ.

ಆ ಬಿರುಕಿನ ಅಡಿಯಲ್ಲೇ ಮಿಡ್ಲ್ ಮೆನಿಂಜಿಯಲ್ ಎಂಬ ಅಪಧಮನಿ ಹಾದುಹೋಗುತ್ತದೆ. ಮೂಳೆ ಒಡೆದಾಗ ಅದು ಹರಿದರೆ, ಮೂಳೆಗೂ ಮೆದುಳಿನ ಗಟ್ಟಿ ಹೊರಪೊರೆಗೂ ನಡುವೆ ರಕ್ತ ಒತ್ತಡದಿಂದ ನುಗ್ಗುತ್ತದೆ. ಇದನ್ನು ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ ಎನ್ನುತ್ತಾರೆ. ಆ ಪೊರೆ ತಲೆಬುರುಡೆಯ ಮೂಳೆಗಳು ಕೂಡುವ ಹೊಲಿಗೆಗಳಲ್ಲಿ ಬಿಗಿಯಾಗಿ ಅಂಟಿರುತ್ತದೆ. ರಕ್ತಕ್ಕೆ ಅಲ್ಲಿಂದಾಚೆ ಹರಡಲು ಸಾಮಾನ್ಯವಾಗಿ ಆಗುವುದಿಲ್ಲ, ಆದ್ದರಿಂದ ಅದು ಒಳಮುಖವಾಗಿ ಉಬ್ಬುತ್ತದೆ. ಸ್ಕ್ಯಾನಿನಲ್ಲಿ ಅದು ಎರಡೂ ಬದಿ ಉಬ್ಬಿದ ಮಸೂರದ ಆಕಾರದಲ್ಲಿ ಕಾಣುತ್ತದೆ.

ಹುಡುಗ ಮಾತಾಡುತ್ತಿದ್ದಾನೆ, ನೀರು ಕುಡಿಯುತ್ತಿದ್ದಾನೆ. ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಬಂಧುಗಳು ಹೇಳುವ ಹೊತ್ತು ಇದೇ. ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವದಲ್ಲಿ ಕೆಲವರಿಗೆ ಹೀಗೊಂದು ತಿಳಿಯಾದ ಅವಧಿ ಇರುತ್ತದೆ. ತಲೆಬುರುಡೆ ಹಿಗ್ಗದ ಪೆಟ್ಟಿಗೆ. ರಕ್ತ ಜಾಗ ಹಿಡಿಯುತ್ತಿದ್ದಂತೆ, ಮೊದಮೊದಲು ಮೆದುಳಿನ ಸುತ್ತಲಿನ ದ್ರವ ಬೆನ್ನುಹುರಿಯ ಕಡೆಗೆ ಸರಿದು, ಅಭಿಧಮನಿಗಳ ರಕ್ತವೂ ಹೊರಕ್ಕೆ ಹೋಗಿ ಅದಕ್ಕೆ ಎಡೆ ಮಾಡಿಕೊಡುತ್ತವೆ. ಅಲ್ಲಿಯವರೆಗೆ ಒಳಗಿನ ಒತ್ತಡ ಹೆಚ್ಚು ಏರುವುದಿಲ್ಲ, ರೋಗಿಯೂ ಚೆನ್ನಾಗಿಯೇ ಇರುತ್ತಾನೆ. ಸರಿಯಲು ಇನ್ನು ಏನೂ ಉಳಿಯದಾದಾಗ, ಆಮೇಲಿನ ಪ್ರತಿ ಚಮಚ ರಕ್ತವೂ ಒತ್ತಡವನ್ನು ಕಡಿದಾಗಿ ಏರಿಸುತ್ತದೆ. ಎರಡು ಗಂಟೆ ಆರಾಮವಾಗಿದ್ದವನು ಇಪ್ಪತ್ತು ನಿಮಿಷದಲ್ಲಿ ಮಂಪರಿಗೆ ಜಾರುವುದು ಹೀಗೆ.

2009ರ ಮಾರ್ಚ್ 16ರಂದು ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಏನೂ ಆಗಿಲ್ಲ ಎಂದು ಹೊಳೆದು, ಬಂದ ಆಂಬುಲೆನ್ಸನ್ನು ವಾಪಸು ಕಳಿಸಲಾಯಿತು. ಆಮೇಲೆ ತಲೆನೋವು ಶುರುವಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ಎರಡು ದಿನಗಳ ನಂತರ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಹೇಳಿದ ಕಾರಣ ಇದೇ ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ. ಅವರಿಗೆ 45 ವರ್ಷ.

ತಿಪಟೂರಿನ ಹುಡುಗನಿಗೆ ಮರಳೋಣ. 8 ಗಂಟೆಯ ಸ್ಕ್ಯಾನ್ ಪೆಟ್ಟಾದ ಒಂದೇ ಗಂಟೆಯಲ್ಲಿ ಆದದ್ದು. ಪಟ್ಟಿ ಎಷ್ಟು ತೆಳುವಿದೆ ಎಂಬುದಕ್ಕಿಂತ ಎಷ್ಟು ಬೇಗ ಕಾಣಿಸಿಕೊಂಡಿದೆ ಎಂಬುದು ಇಲ್ಲಿ ಮುಖ್ಯ. ಒಂದು ಗಂಟೆಯ 5 ಮಿಲಿಮೀಟರ್ ಇನ್ನೂ ಬೆಳೆಯಬಹುದು. ಎರಡನೆಯ ದಿನವೂ ಅಷ್ಟೇ ಇದ್ದರೆ ರಕ್ತನಾಳ ಬಹುಶಃ ಮುಚ್ಚಿಕೊಂಡಿದೆ. ಇದನ್ನು ಬಲ್ಲ ವೈದ್ಯರು, ಹುಡುಗ ಎಚ್ಚರವಾಗಿರುವಾಗಲೇ, ನ್ಯೂರೋಸರ್ಜನ್ ಮತ್ತು ಆಪರೇಷನ್ ಥಿಯೇಟರ್ ಇರುವ ಬೆಂಗಳೂರಿನ ಆಸ್ಪತ್ರೆಗೆ ಅವನನ್ನು ಹೊರಡಿಸುತ್ತಾರೆ. 11 ಗಂಟೆಗೆ ತಲುಪುವಷ್ಟರಲ್ಲಿ ಅವನು ಎರಡು ಸಲ ವಾಂತಿ ಮಾಡಿದ್ದಾನೆ, ಕರೆದರೆ ಮಾತ್ರ ಕಣ್ಣು ಬಿಡುತ್ತಾನೆ, ಅಂಕ 13ಕ್ಕೆ ಇಳಿದಿದೆ. ಎರಡನೆಯ ಸ್ಕ್ಯಾನಿನಲ್ಲಿ ಪಟ್ಟಿಯ ದಪ್ಪ 22 ಮಿಲಿಮೀಟರ್, ಉದ್ದ 6 ಸೆಂಟಿಮೀಟರ್, ಎತ್ತರ 6 ಸೆಂಟಿಮೀಟರ್. ಉದ್ದ, ದಪ್ಪ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಎರಡರಿಂದ ಭಾಗಿಸಿದರೆ ರಕ್ತದ ಅಂದಾಜು ಸಿಗುತ್ತದೆ. ಇಲ್ಲಿ ಸುಮಾರು 40 ಮಿಲಿಲೀಟರ್. ಮೆದುಳಿನ ನಡುಗೆರೆ ಎಡಕ್ಕೆ 7 ಮಿಲಿಮೀಟರ್ ಸರಿದಿದೆ. ಎಕ್ಸ್‌ಟ್ರಾಡ್ಯೂರಲ್ ರಕ್ತ 30 ಮಿಲಿಲೀಟರ್ ದಾಟಿದರೆ ರೋಗಿ ಎಷ್ಟೇ ಎಚ್ಚರವಾಗಿದ್ದರೂ ಆಪರೇಷನ್ ಮಾಡಬೇಕೆಂಬುದು ನ್ಯೂರೋಸರ್ಜನ್‌ಗಳು ಒಪ್ಪಿಕೊಂಡಿರುವ ನಿಯಮ. ಅರ್ಧ ಗಂಟೆಯಲ್ಲಿ ಅವನು ಥಿಯೇಟರಿನಲ್ಲಿರುತ್ತಾನೆ. ಮೂಳೆ ತೆರೆದು, ಹೆಪ್ಪು ತೆಗೆದು, ರಕ್ತನಾಳವನ್ನು ಮುಚ್ಚಿದರೆ ಇಂಥವರು ಹೆಚ್ಚಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಏಕೆಂದರೆ ಮೆದುಳಿಗೇ ಪೆಟ್ಟು ಕಡಿಮೆ.

ಅದೇ ಹುಡುಗನನ್ನು ‘ನೋಡೋಣ’ ಎಂದು ಊರಲ್ಲೇ ಇಟ್ಟುಕೊಂಡಿದ್ದರೆ ಆಂಬುಲೆನ್ಸ್ ಹೊರಡುವುದು 11ಕ್ಕೆ, ತಲುಪುವುದು ನಡುರಾತ್ರಿ ಕಳೆದು 2ಕ್ಕೆ. ಆ ದಾರಿಯಲ್ಲಿ ಬಲಗಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದಂತಾದರೆ, ಮೆದುಳಿನ ಒಳಂಚು ಕೆಳಕ್ಕೆ ಜಾರಿ ಕಣ್ಣಿನ ನರವನ್ನು ಒತ್ತುತ್ತಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಉಳಿಸಲು ಇರುವ ಸಮಯ ನಿಮಿಷಗಳ ಲೆಕ್ಕದ್ದು. ನಿಗಾ ಇಡುವುದು ತಪ್ಪಲ್ಲ. ಥಿಯೇಟರ್ ಇರುವ ಕಡೆ ನಿಗಾ ಇಡಬೇಕು ಎಂಬುದೇ ನನ್ನ ಆಗ್ರಹ.

ವಯಸ್ಸಾದವರ ವಿಷಯದಲ್ಲಿ ಗಂಟೆಗಳ ಜಾಗಕ್ಕೆ ವಾರಗಳು ಬರುತ್ತವೆ. ವಯಸ್ಸಿನೊಂದಿಗೆ ಮೆದುಳು ಕುಗ್ಗಿದಾಗ, ಅದರ ಮೇಲ್ಮೈಯಿಂದ ಹೊರಪೊರೆಗೆ ಹೋಗುವ ತೆಳು ಅಭಿಧಮನಿಗಳು ಎಳೆದು ಬಿಗಿಯಾಗಿರುತ್ತವೆ. ಬಚ್ಚಲಮನೆಯಲ್ಲಿ ಜಾರಿ ತಲೆ ತಾಕಿದ ಸಣ್ಣ ಪೆಟ್ಟೂ ಸಾಕು, ಒಂದು ಹರಿಯುತ್ತದೆ. ಇದು ಪೊರೆಯ ಒಳಗಿನ, ಸಬ್‌ಡ್ಯೂರಲ್ ರಕ್ತಸ್ರಾವ. ಇಲ್ಲಿ ಹೊಲಿಗೆಗಳ ತಡೆ ಇಲ್ಲದ್ದರಿಂದ ರಕ್ತ ಮೆದುಳಿನ ಮೇಲೆ ಬಿದಿಗೆಯ ಚಂದ್ರನಂತೆ ತೆಳ್ಳಗೆ ಬಾಗಿ ಹರಡುತ್ತದೆ. ಮೊದಲ ದಿನಗಳಲ್ಲಿ ಅದು ಬಿಳಿ. ಪ್ರೋಟೀನ್ ಕರಗುತ್ತ ಹೋದಂತೆ ದಿನದಿನಕ್ಕೂ ಮಾಸುತ್ತದೆ, ಮೂರು ವಾರ ಕಳೆದ ಮೇಲೆ ಮೆದುಳಿಗಿಂತ ಕಪ್ಪು. ನಡುವೆ, ಸುಮಾರು ಒಂದರಿಂದ ಮೂರು ವಾರದ ಅವಧಿಯಲ್ಲಿ, ರಕ್ತ ಮೆದುಳಿನಷ್ಟೇ ಬೂದಾಗಿರುವ ದಿನಗಳಿವೆ. ಆಗ ಸ್ಕ್ಯಾನ್ ಮಾಡಿಸಿದರೆ ಹೆಪ್ಪು ಎದುರಿಗಿದ್ದೂ ಕಾಣದೆ ಹೋಗಬಹುದು.

ಆಗ ರೇಡಿಯಾಲಜಿಸ್ಟ್ ರಕ್ತವನ್ನು ಬಿಟ್ಟು ಅದು ಒತ್ತಿದ ಗುರುತನ್ನು ಹುಡುಕುತ್ತಾರೆ. ನಡುಗೆರೆ ಸರಿದಿದೆಯೇ? ಮೆದುಳಿನ ಮೇಲ್ಮೈಯ ಮಡಿಕೆಗಳು ಮೂಳೆಯವರೆಗೆ ತಲುಪುತ್ತಿವೆಯೇ, ಇಲ್ಲ ಒಂದು ಬೆರಳಿನಷ್ಟು ದೂರದಲ್ಲೇ ನಿಂತಿವೆಯೇ? ಎರಡೂ ಕಡೆ ಸಮಸಮ ರಕ್ತ ಕೂತಿದ್ದರೆ ನಡುಗೆರೆಯೂ ಅಲುಗುವುದಿಲ್ಲ, ಅದು ಇನ್ನೂ ಕಷ್ಟ. ಎಪ್ಪತ್ತೈದು ವರ್ಷದವರ ಸ್ಕ್ಯಾನಿನಲ್ಲಿ ಅಗಲವಾಗಿ ಕಾಣಬೇಕಾದ ಮಡಿಕೆಗಳು ಇಲ್ಲದೆ, ಮೆದುಳು ಯುವಕನದರಂತೆ ತುಂಬಿಕೊಂಡು ಕಂಡರೆ ಅನುಮಾನಿಸಬೇಕು. ‘ಮೂರು ವಾರದ ಹಿಂದೆ ಬಿದ್ದಿದ್ದರು’ ಎಂಬ ಮನೆಯವರ ಒಂದು ಮಾತು ಈ ಅನುಮಾನವನ್ನು ಹುಟ್ಟಿಸುತ್ತದೆ. ಆದರೆ ಅಷ್ಟು ದಿನವಾದ ಮೇಲೆ ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ. ಮರೆವು, ನಡೆಯುವಾಗ ಒಂದು ಕಾಲು ಎಳೆಯುವುದು, ಹಗಲೆಲ್ಲ ನಿದ್ದೆ, ಇವೆಲ್ಲ ವಯಸ್ಸಿನ ಲೆಕ್ಕಕ್ಕೆ ಹೋಗಿಬಿಡುತ್ತವೆ. ಹೊಸ ರಕ್ತವೇ ಬೂದಾಗಿ ಕಾಣುವ ಸಂದರ್ಭವೂ ಉಂಟು. ತೀವ್ರ ರಕ್ತಹೀನತೆ ಇರುವವರ ಹಿಮೋಗ್ಲೋಬಿನ್ 8ರಿಂದ 10 ಗ್ರಾಮಿಗಿಂತ ಕೆಳಗಿದ್ದರೆ, ಮೊದಲ ದಿನವೇ ಬಿಳುಪು ಸಾಲದಾಗಬಹುದು. ನಮ್ಮಲ್ಲಿ ಇದನ್ನು ಮರೆಯಲಾಗದು.

ಮೊದಲ ಸ್ಕ್ಯಾನ್ ಶುದ್ಧವಾಗಿ ಬಂದಿದ್ದರೂ ಎಲ್ಲರಿಗೂ ಒಂದೇ ತೀರ್ಪು ಕೊಡಲಾಗದು. ಪೂರ್ತಿ ಎಚ್ಚರವಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನದವರಿಗೆ ನಾರ್ಮಲ್ ಸ್ಕ್ಯಾನ್ ಬಹುಮಟ್ಟಿಗೆ ಭರವಸೆಯೇ. ವಾರ್ಫರಿನ್‌ನಂಥ ಔಷಧಿಯಲ್ಲಿರುವವರಿಗೆ ಅಷ್ಟು ಭರವಸೆ ಇಲ್ಲ. ಮೆದುಳಿನ ಒಳಗೇ ಜಜ್ಜಿದ ಗಾಯಗಳೂ ಮೊದಲ 24 ಗಂಟೆಯಲ್ಲಿ ದೊಡ್ಡದಾಗಬಹುದು. ಹಾಗಾಗಿ ತಲೆನೋವು ಏರುತ್ತಿದ್ದರೆ, ಮತ್ತೆ ವಾಂತಿಯಾದರೆ, ಎಬ್ಬಿಸಲು ಕಷ್ಟವಾದರೆ, ಕೈ ಅಥವಾ ಕಾಲು ಸೋತರೆ, ಫಿಟ್ಸ್ ಬಂದರೆ, ಹಿಂದಿನ ರಿಪೋರ್ಟಿನಲ್ಲಿ ನಾರ್ಮಲ್ ಎಂದಿದ್ದರೂ ತಕ್ಷಣ ಮರಳಬೇಕು. ಹೋಗುವಾಗ ಮೊದಲ ಸ್ಕ್ಯಾನಿನ ಫಿಲ್ಮ್ ಅಥವಾ ಸಿಡಿ ಕೈಯಲ್ಲಿರಲಿ, ಬರಿಯ ರಿಪೋರ್ಟ್ ಸಾಲದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಆ ಬಿಳಿ ಪಟ್ಟಿ ಬೆಳೆಯುತ್ತಿದೆಯೋ, ನಿಂತಿದೆಯೋ ಎಂದು ಅಳೆಯಲು ಸಾಧ್ಯ.