ಮೊದಲ ಕಂತು ಯಾವತ್ತು?

ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋದವರು ದತ್ತಿ ಬಹುಮಾನಗಳ ಪಟ್ಟಿ ಓದುವುದನ್ನು ಕೇಳಿರುತ್ತೀರಿ. ಯಾರೋ ಒಬ್ಬರು ತಾಯಿಯ ಹೆಸರಿನಲ್ಲಿ ಒಂದು ಇಡುಗಂಟು ಕೊಟ್ಟಿರುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ ಬಹುಮಾನ ಸಲ್ಲಬೇಕು, ಅದೂ ಕಾಲೇಜು ಇರುವವರೆಗೆ. ಇದು ನಮ್ಮಲ್ಲಿ ಹೊಸದಲ್ಲ. ದೇವಾಲಯದಲ್ಲಿ ನಂದಾದೀಪ ಉರಿಯಲಿ ಎಂದು ಗದ್ಯಾಣ ಕೊಟ್ಟು, ಅದರ ಬಡ್ಡಿಯಿಂದ ಎಣ್ಣೆ ಒದಗಿಸಬೇಕೆಂದು ಕಟ್ಟು ಮಾಡಿದ ದಾನಗಳು ಕರ್ನಾಟಕದ ಶಾಸನಗಳಲ್ಲಿ ಸಿಗುತ್ತವೆ. ಹೀಗೆ ಕೊನೆಯಿಲ್ಲದೆ ಬರುವ ಕಂತುಗಳ ಸಾಲನ್ನು ಹಣಕಾಸಿನವರು ಪರ್ಪೆಚ್ಯುಟಿ ಎನ್ನುತ್ತಾರೆ. ಇಂತಿಷ್ಟು ವರ್ಷಕ್ಕೆ ನಿಲ್ಲುವ ಸಾಲು ಆನ್ಯುಟಿ.

ವರ್ಷಕ್ಕೆ 10,000 ರೂಪಾಯಿಯ ಬಹುಮಾನ ಶಾಶ್ವತವಾಗಿ ನಡೆಯಬೇಕು, ಠೇವಣಿಗೆ ಶೇಕಡಾ 8ರ ಬಡ್ಡಿ ಎಂದಿಟ್ಟುಕೊಳ್ಳೋಣ. ಎಷ್ಟು ಹಣ ಇಡಬೇಕು? ಸೂತ್ರ ಬಹಳ ಚಿಕ್ಕದು: C / r. ಅಂದರೆ ಕಂತನ್ನು ಬಡ್ಡಿದರದಿಂದ ಭಾಗಿಸಿದರಾಯಿತು. 10,000ವನ್ನು 0.08ರಿಂದ ಭಾಗಿಸಿದರೆ 1,25,000. ಒಂದೂಕಾಲು ಲಕ್ಷಕ್ಕೆ ವರ್ಷಕ್ಕೆ ಹತ್ತು ಸಾವಿರ ಬಡ್ಡಿ ಬರುತ್ತದೆ, ಅದನ್ನು ಕೊಟ್ಟರೆ ಅಸಲು ಹಾಗೇ ಉಳಿಯುತ್ತದೆ. ಶಾಲೆಯ ಮಕ್ಕಳೂ ಒಪ್ಪುವ ಲೆಕ್ಕ.

ಈಗ ದಾನಿ ಚೆಕ್ ಕೊಡುತ್ತಾ ಒಂದು ಮಾತು ಸೇರಿಸುತ್ತಾರೆ: "ಹೇಗೂ ಇವತ್ತೇ ಸಮಾರಂಭ ಇದೆ, ಮೊದಲ ಬಹುಮಾನ ಈ ಸಲವೇ ಕೊಟ್ಟುಬಿಡಿ." ಯಾರೂ ಬೇಡ ಎನ್ನುವುದಿಲ್ಲ. ನಿಧಿಯಿಂದ ಹತ್ತು ಸಾವಿರ ತೆಗೆದು ಕೊಡುತ್ತಾರೆ. ಅಲ್ಲಿಗೆ ಆ ನಿಧಿಯ ಆಯಸ್ಸು ನಿಗದಿಯಾಯಿತು.

ಪುಸ್ತಕ ಬರೆದು ನೋಡಿ. ಬಹುಮಾನ ಕೊಟ್ಟ ಮೇಲೆ ಉಳಿದದ್ದು 1,15,000. ವರ್ಷದ ಬಡ್ಡಿ 9,200. ಮುಂದಿನ ಬಹುಮಾನಕ್ಕೆ ಅಸಲಿನಿಂದ 800 ರೂಪಾಯಿ ತೆಗೆಯಬೇಕು, ಉಳಿಯುವುದು 1,14,200. ಮರುವರ್ಷ ಬಡ್ಡಿ ಇನ್ನೂ ಕಡಿಮೆ, ಅಸಲಿಗೆ ಕೈ ಹಾಕುವ ಮೊತ್ತ ಇನ್ನೂ ಹೆಚ್ಚು. ಮೊದಲ ದಿನ ತೆಗೆದ ಹತ್ತು ಸಾವಿರದ ಕೊರತೆ ತಾನೇ ಚಕ್ರಬಡ್ಡಿಯಲ್ಲಿ ಬೆಳೆಯುತ್ತಾ ಹೋಗುತ್ತದೆ. 33 ಬಹುಮಾನಗಳು ಪೂರ್ತಿ ಸಲ್ಲುತ್ತವೆ. 34ನೆಯದರ ಹೊತ್ತಿಗೆ ನಿಧಿಯಲ್ಲಿ ಇರುವುದು ಸುಮಾರು 8,240 ರೂಪಾಯಿ. ಬಡ್ಡಿದರ ಒಂದಿಷ್ಟೂ ಇಳಿದಿಲ್ಲ, ಯಾರೂ ಹಣ ತಿಂದಿಲ್ಲ. ಆದರೂ ಶಾಶ್ವತ ಎಂದು ಕಲ್ಲಿನಲ್ಲಿ ಕೆತ್ತಿಸಿದ ಬಹುಮಾನ ಒಂದು ತಲೆಮಾರಿಗೇ ಮುಗಿಯಿತು.

ಸೂತ್ರ ತಪ್ಪಾಗಿರಲಿಲ್ಲ. ಅದರೊಳಗೆ ಬಾಯಿಬಿಟ್ಟು ಹೇಳದ ಒಂದು ಕರಾರಿದೆ: C / r ಕೊಡುವ ಮೊತ್ತ ಮೊದಲ ಕಂತಿಗಿಂತ ಸರಿಯಾಗಿ ಒಂದು ಅವಧಿ ಮುಂಚಿನ ದಿನದ ಮೌಲ್ಯ. ಮೊದಲ ಕಂತು ಮುಂದಿನ ವರ್ಷವಾದರೆ ಅದು ಇವತ್ತಿನ ಮೌಲ್ಯ. ಮೊದಲ ಕಂತು ಇವತ್ತೇ ಆದರೆ ಅದು ಹೋದ ವರ್ಷದ ಮೌಲ್ಯ, ಅದನ್ನು ಒಂದು ವರ್ಷ ಮುಂದಕ್ಕೆ ತರಲು 1.08ರಿಂದ ಗುಣಿಸಬೇಕು. ಆಗ ಸಿಗುವುದು 1,35,000. ಇನ್ನೊಂದು ದಾರಿಯಲ್ಲಿ ನೋಡಿದರೂ ಅದೇ: ಇವತ್ತು ಕೈಯಲ್ಲಿ ಕೊಡಲು 10,000, ಮುಂದಿನ ವರ್ಷದಿಂದ ಶುರುವಾಗುವ ಸಾಲಿಗೆ 1,25,000. ಎರಡು ದಾರಿಗಳ ಉತ್ತರ ಹೊಂದಿದರೆ ಕಂತಿನ ದಿನ ಸರಿಯಾಗಿದೆ ಎಂದು ನಂಬಬಹುದು. ನನ್ನ ಮಟ್ಟಿಗೆ ಈ ಇಡೀ ಅಧ್ಯಾಯದಲ್ಲಿ ನೆನಪಿಡಬೇಕಾದ್ದು ಇದೊಂದೇ. ಸೂತ್ರ ಮರೆತರೆ ಪುಸ್ತಕ ತೆಗೆದು ನೋಡಬಹುದು, ಅದು ಯಾವ ದಿನದ ಮೌಲ್ಯ ಎಂಬುದು ಎಷ್ಟೋ ಪುಸ್ತಕಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಮೊದಲ ಕಂತು ತಡವಾದಾಗಲೂ ಇದೇ ಕರಾರು ಕಾಡುತ್ತದೆ. ಬಹುಮಾನ ಮೂರು ವರ್ಷದ ನಂತರ ಶುರುವಾಗಲಿ ಎಂದು ದಾನಿ ಹೇಳಿದರು ಎನ್ನೋಣ. ಹೆಚ್ಚಿನವರು 1,25,000ವನ್ನು ಮೂರು ವರ್ಷ ಹಿಂದಕ್ಕೆ ತರುತ್ತಾರೆ, 1.08ರಿಂದ ಮೂರು ಸಲ ಭಾಗಿಸುತ್ತಾರೆ, ಸುಮಾರು 99,229 ಎನ್ನುತ್ತಾರೆ. ಮೂರು ವರ್ಷ ಎಂದ ಕೂಡಲೇ ಮೂರು ಸಲ ಭಾಗಿಸುವುದು ಸಹಜವೆನಿಸುತ್ತದೆ. ಆದರೆ 1,25,000 ನಿಂತಿರುವುದು ಮೊದಲ ಕಂತಿಗಿಂತ ಒಂದು ವರ್ಷ ಮುಂಚೆ, ಅಂದರೆ ಎರಡನೇ ವರ್ಷದ ಕೊನೆಯಲ್ಲಿ. ಹಿಂದಕ್ಕೆ ತರಬೇಕಾದದ್ದು ಎರಡೇ ವರ್ಷ. ಸರಿಯಾದ ಮೊತ್ತ ಸುಮಾರು 1,07,167. ಪರೀಕ್ಷೆಯಲ್ಲಾದರೆ ಇದರಿಂದ ಒಂದೆರಡು ಅಂಕ ಹೋಗುತ್ತವೆ, ದತ್ತಿಪತ್ರದಲ್ಲಾದರೆ ಎಂಟು ಸಾವಿರ ರೂಪಾಯಿ ಮೊದಲ ದಿನವೇ ಕಡಿಮೆ ಬೀಳುತ್ತದೆ.

ಆನ್ಯುಟಿಯ ಸೂತ್ರ ನೋಡಲು ಭಯ ಹುಟ್ಟಿಸುತ್ತದೆ, ಆದರೆ ಅದು ಒಂದು ಪರ್ಪೆಚ್ಯುಟಿಯಿಂದ ಇನ್ನೊಂದನ್ನು ಕಳೆದದ್ದು, ಅಷ್ಟೇ. ಹತ್ತು ವರ್ಷ ಮಾತ್ರ ಬಹುಮಾನ ಕೊಡುವುದಾದರೆ, ಶಾಶ್ವತ ಸಾಲಿನ 1,25,000ದಿಂದ ಹನ್ನೊಂದನೇ ವರ್ಷ ಶುರುವಾಗುವ ಶಾಶ್ವತ ಸಾಲಿನ ಮೌಲ್ಯವನ್ನು ಕಳೆಯಿರಿ. ಆ ಎರಡನೇ ಸಾಲು ಹತ್ತನೇ ವರ್ಷದ ಕೊನೆಯಲ್ಲಿ 1,25,000. ಹತ್ತು ವರ್ಷ ಹಿಂದಕ್ಕೆ ತಂದರೆ ಸುಮಾರು 57,899. ಉಳಿದದ್ದು 67,101. ಮೊದಲ ಬಹುಮಾನ ಇವತ್ತೇ ಎಂದಾದರೆ ಇದನ್ನೂ 1.08ರಿಂದ ಗುಣಿಸಿ, 72,469 ಆಗುತ್ತದೆ. ಆಗ ಹತ್ತನೇ ಬಹುಮಾನ ಸಲ್ಲುವುದು ಇಂದಿನಿಂದ ಒಂಬತ್ತನೇ ವರ್ಷಕ್ಕೆ. ಇಲ್ಲಿ ಕೆಲವರು ಇವತ್ತಿನದನ್ನು ಬೇರೆ ಕೂಡಿಸಿ, ಮುಂದೆಯೂ ಪೂರ್ತಿ ಹತ್ತು ಎಣಿಸಿ, ಹನ್ನೊಂದು ಬಹುಮಾನಕ್ಕೆ ಲೆಕ್ಕ ಹಾಕಿರುತ್ತಾರೆ. ಕಂತುಗಳನ್ನು ಬೆರಳು ಮಡಚಿ ಎಣಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವವರೂ ಈ ತಪ್ಪಿನಿಂದ ಪಾರಾಗುವುದಿಲ್ಲ. ಎಕ್ಸೆಲ್‌ನಲ್ಲಿ ಇದೇ ಪ್ರಶ್ನೆಯನ್ನು ಹೀಗೆ ಬರೆಯಬೇಕು:

```
=PV(8%,10,-10000,0,1)
```

ಕೊನೆಯ 1 ಎಂದರೆ ಕಂತು ಅವಧಿಯ ಆರಂಭದಲ್ಲಿ ಎಂದು. ಅದನ್ನು ಬರೆಯದೆ ಬಿಟ್ಟರೆ ಎಕ್ಸೆಲ್ ಅಲ್ಲಿ 0 ಇದೆ ಎಂದುಕೊಂಡು, ಅವಧಿಯ ಕೊನೆಯ ಲೆಕ್ಕವಾದ 67,101ನ್ನೇ ತೋರಿಸುತ್ತದೆ. NPV ಎಂಬ ಇನ್ನೊಂದು ಫಂಕ್ಷನ್‌ಗೆ ಇಂಥ ಆಯ್ಕೆಯೇ ಇಲ್ಲ. ನೀವು ಕೊಟ್ಟ ಮೊದಲ ಮೊತ್ತವನ್ನೂ ಅದು ಒಂದು ಅವಧಿ ಹಿಂದಕ್ಕೆ ತಂದೇ ತೀರುತ್ತದೆ. ಇವತ್ತಿನ ಹಣವನ್ನು ಅದರ ಆವರಣದ ಹೊರಗಿಟ್ಟು ಬೇರೆಯಾಗಿ ಕೂಡಿಸಬೇಕು.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಮೂರನೇ ಸೂತ್ರ. ಹತ್ತು ಸಾವಿರದ ಬೆಲೆ ಮೂವತ್ತು ವರ್ಷದ ನಂತರ ಏನು ಉಳಿದೀತು? ವಿವೇಕವುಳ್ಳ ದಾನಿ ಬಹುಮಾನ ವರ್ಷಕ್ಕೆ ಶೇಕಡಾ 5ರಂತೆ ಹೆಚ್ಚುತ್ತಾ ಹೋಗಲಿ ಎನ್ನುತ್ತಾರೆ. ಹೀಗೆ ಬೆಳೆಯುತ್ತಾ ಹೋಗುವ ಪರ್ಪೆಚ್ಯುಟಿಗೆ ಸೂತ್ರ C / (r − g). ಬಡ್ಡಿದರದಿಂದ ಬೆಳವಣಿಗೆಯ ದರ ಕಳೆದು ಭಾಗಿಸುವುದು. ಇಲ್ಲಿನ C ಎಂದರೆ ಒಂದು ವರ್ಷದ ನಂತರ ಕೊಡುವ ಮೊದಲ ಕಂತು. ಮುಂದಿನ ವರ್ಷದ ಬಹುಮಾನ 10,000 ಆಗಿದ್ದರೆ, 0.03ರಿಂದ ಭಾಗಿಸಿ 3,33,333. ಆದರೆ ಇವತ್ತೇ 10,000 ಕೊಟ್ಟು ಮುಂದಿನ ವರ್ಷ 10,500 ಕೊಡುವುದಾದರೆ ಸಾಲಿನ C ಆಗುವುದು 10,500. ಅದಕ್ಕೆ 3,50,000 ಬೇಕು, ಇವತ್ತಿನ ಹತ್ತು ಸಾವಿರ ಸೇರಿ 3,60,000. 3,33,333ನ್ನು 1.08ರಿಂದ ಗುಣಿಸಿದರೂ ಅದೇ 3,60,000. ಗುಣಿಸಬೇಕಾದದ್ದು ಬಡ್ಡಿದರದಿಂದ, ಬೆಳವಣಿಗೆಯ ದರದಿಂದಲ್ಲ ಎಂಬುದನ್ನೂ ಗಮನಿಸಿ. 1.05ರಿಂದ ಗುಣಿಸಿ 3,50,000ಕ್ಕೆ ನಿಲ್ಲುವವರು ಇವತ್ತಿನ ಬಹುಮಾನವನ್ನೇ ಬಿಟ್ಟಿರುತ್ತಾರೆ.

ಇಲ್ಲಿ 3,33,333ನ್ನೇ ಇಟ್ಟು ಇವತ್ತೇ ಬಹುಮಾನ ಕೊಟ್ಟರೆ ಏನಾಗುತ್ತದೆ? ಉಳಿದ 3,23,333 ಬಡ್ಡಿ ಸೇರಿ 3,49,200 ಆಗುತ್ತದೆ, 10,500 ಕೊಟ್ಟ ಮೇಲೂ 3,38,700 ಇರುತ್ತದೆ. ನಿಧಿ ಹೆಚ್ಚಿದೆ! ಖಜಾಂಚಿ ಸಂತೋಷದಿಂದ ಸಹಿ ಹಾಕುತ್ತಾರೆ. ನಿಧಿ ಹೀಗೆಯೇ ಸುಮಾರು 75 ವರ್ಷ ಪ್ರತಿ ವರ್ಷ ಹೆಚ್ಚುತ್ತಲೇ ಹೋಗುತ್ತದೆ. ಆಮೇಲೆ ಇಳಿಯಲು ಶುರುವಾಗಿ, 92ನೇ ವರ್ಷಕ್ಕೆ ಪೂರ್ತಿ ಬಹುಮಾನ ಕೊಡಲು ಹಣವಿರುವುದಿಲ್ಲ. ಹೆಚ್ಚದ ಬಹುಮಾನದ ಲೆಕ್ಕದಲ್ಲಿ ತಪ್ಪು ಮೊದಲ ವರ್ಷವೇ ಪುಸ್ತಕದಲ್ಲಿ ಕಾಣುತ್ತಿತ್ತು. ಇಲ್ಲಿ ಮುಕ್ಕಾಲು ಶತಮಾನ ಎಲ್ಲವೂ ಚೆನ್ನಾಗಿದೆ ಎಂದೇ ಕಾಣುತ್ತದೆ.

ಪತ್ತೆ ಹಚ್ಚುವ ದಾರಿ ಇದೆ. ಬಹುಮಾನ ಶೇಕಡಾ 5ರಂತೆ ಬೆಳೆಯಬೇಕಾದರೆ, ಬಹುಮಾನ ಕೊಟ್ಟ ಮೇಲೆ ಉಳಿಯುವ ನಿಧಿಯೂ ಪ್ರತಿ ವರ್ಷ ಶೇಕಡಾ 5ರಷ್ಟೇ ಬೆಳೆಯಬೇಕು. ಸರಿಯಾದ ನಿಧಿಯಲ್ಲಿ 3,50,000 ಇದ್ದದ್ದು ಬಡ್ಡಿ ಸೇರಿ 3,78,000 ಆಗಿ, 10,500 ಕೊಟ್ಟ ಮೇಲೆ 3,67,500ಕ್ಕೆ ನಿಲ್ಲುತ್ತದೆ. ಸರಿಯಾಗಿ ಶೇಕಡಾ 5. ತಪ್ಪಾದ ನಿಧಿಯಲ್ಲಿ ಬೆಳವಣಿಗೆ ಸುಮಾರು ಶೇಕಡಾ 4.75. ಆ ಕಾಲು ಭಾಗದ ವ್ಯತ್ಯಾಸ ಮೊದಲ ವರ್ಷವೇ ನೋಡಿದವರಿಗೆ ಮಾತ್ರ ಸಿಗುತ್ತದೆ.

ಷೇರಿನ ಬೆಲೆ ಕಟ್ಟುವ ಪ್ರಶ್ನೆಗಳಲ್ಲಿ ಇದೇ ಅಂಕಿಗಳು ವೇಷ ಬದಲಿಸಿ ಬರುತ್ತವೆ. ಮೈರನ್ ಗಾರ್ಡನ್ ಹೆಸರಿನಲ್ಲಿ ಪ್ರಸಿದ್ಧವಾದ ಡಿವಿಡೆಂಡ್ ಸೂತ್ರ ಬೆಳೆಯುವ ಪರ್ಪೆಚ್ಯುಟಿಯೇ. ಡಿವಿಡೆಂಡ್ 10 ರೂಪಾಯಿ, ದರಗಳು ಮೇಲಿನವೇ ಎನ್ನಿ. "ಮುಂದಿನ ವರ್ಷ 10 ರೂಪಾಯಿ ಕೊಡಲಿದೆ" ಎಂದರೆ ಬೆಲೆ 333. "ಈಗಷ್ಟೇ 10 ರೂಪಾಯಿ ಕೊಟ್ಟಿದೆ" ಎಂದರೆ ಮುಂದಿನದು 10.50, ಬೆಲೆ 350. "ಇನ್ನೇನು 10 ರೂಪಾಯಿ ಕೊಡಲಿದೆ" ಎಂದು, ಇವತ್ತು ಕೊಂಡವರಿಗೂ ಅದು ಸಿಗುವುದಾದರೆ 360. ಪ್ರಶ್ನೆಯಲ್ಲಿ ಅಂಕಿಗಳ ಕೆಳಗೆ ಗೆರೆ ಎಳೆಯುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಗೆರೆ ಎಳೆಯಬೇಕಾದ್ದು "ಈಗಷ್ಟೇ", "ಮುಂದಿನ", "ಇನ್ನೇನು" ಎಂಬ ಮಾತುಗಳ ಕೆಳಗೆ.

ಸೂತ್ರಕ್ಕೆ ಅದರದೇ ಮಿತಿಗಳೂ ಇವೆ. ಬೆಳವಣಿಗೆಯ ದರ ಬಡ್ಡಿದರಕ್ಕೆ ಸಮನಾದರೆ ಅಥವಾ ಅದನ್ನು ಮೀರಿದರೆ ಯಾವ ಮೊತ್ತವೂ ಸಾಲದು, ಆಗ ಸೂತ್ರ ಕೊಡುವ ಸಂಖ್ಯೆಗೆ ಅರ್ಥವಿಲ್ಲ. ಎರಡರ ಅಂತರ ಕಿರಿದಾದಷ್ಟೂ ಉತ್ತರ ಅಲುಗಾಡುತ್ತದೆ: ಅಂತರ 3ರಿಂದ 2ಕ್ಕೆ ಇಳಿದರೆ 3,33,333 ಇದ್ದದ್ದು 5,00,000 ಆಗುತ್ತದೆ. ಅದಕ್ಕೆ ಹೋಲಿಸಿದರೆ ಕಂತಿನ ದಿನದ ತಪ್ಪು ಚಿಕ್ಕದು, ಶೇಕಡಾ 8 ಮಾತ್ರ. ಆದರೆ ಬಡ್ಡಿ ನಾಳೆ ಏನಾಗುತ್ತದೋ ದಾನಿಯ ಕೈಯಲ್ಲಿಲ್ಲ. ಮೊದಲ ಬಹುಮಾನದ ತಾರೀಖನ್ನು ದತ್ತಿಪತ್ರದಲ್ಲಿ ಬರೆದು, ಆ ತಾರೀಖಿಗೆ ಒಂದು ವರ್ಷ ಮುಂಚೆ ಎಷ್ಟು ಹಣ ಇರಬೇಕೆಂದು ಪಕ್ಕದಲ್ಲೇ ನಮೂದಿಸುವುದು ಅವರ ಕೈಯಲ್ಲಿದೆ.