ಕಾಯುವ ಪುಡಿ, ಕಾಯದ ಹಿಟ್ಟು

ಮನೆಯಲ್ಲೇ ತಿನಿಸು ಮಾಡಿ ಮಾರಲು ಹೊರಟವರು ಮೊದಲು ಯೋಚಿಸುವುದು ತಮ್ಮ ಕೈರುಚಿಯ ಬಗ್ಗೆ. ಅದಕ್ಕೂ ಮುಂಚೆ ಯೋಚಿಸಬೇಕಾದದ್ದು, ಇವತ್ತು ಮಾರಾಟವಾಗದೆ ಉಳಿದದ್ದು ನಾಳೆ ಏನಾಗುತ್ತದೆ ಎಂದು. ದೋಸೆಹಿಟ್ಟಿಗೆ ಗಿರಾಕಿ ಬೇಗ ಸಿಗುತ್ತಾರೆ. ಆದರೆ ಅದು ಫ್ರಿಜ್ಜನ್ನೆಲ್ಲ ಆಕ್ರಮಿಸುತ್ತದೆ, ದಿನ ಕಳೆದಂತೆ ಹುಳಿಯಾಗುತ್ತದೆ, ಮಗುವಿಗೆ ಜ್ವರ ಬಂದ ದಿನವೂ ರುಬ್ಬಲೇಬೇಕು. ಹೋಳಿಗೆಗೆ ಬೇಡಿಕೆ ಬರುವುದು ಹಬ್ಬಕ್ಕೆ, ಅಂದು ನಮ್ಮ ಮನೆಯಲ್ಲೂ ಹಬ್ಬವೇ.

ಎರಡು ಒಲೆ, ಒಂದು ಮಿಕ್ಸಿ, ಹತ್ತು ಸಾವಿರ ರೂಪಾಯಿ, ಮಧ್ಯಾಹ್ನ ಮೂರು ಗಂಟೆ ಬಿಡುವು. ಇಷ್ಟೇ ಇರುವವರಿಗೆ ನಾನು ಹೇಳುವುದು ಶೇಂಗಾ ಚಟ್ನಿಪುಡಿ. ಈ ವಾರ ಹೋಗದಿದ್ದರೆ ಮುಂದಿನ ವಾರ ಹೋಗುತ್ತದೆ.

ಒಂದು ಲೆಕ್ಕ ಹಾಕೋಣ. ಎರಡು ಕೆಜಿ ಪುಡಿಗೆ ಶೇಂಗಾ, ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ 340 ರೂ., ಗ್ಯಾಸು ಕರೆಂಟಿಗೆ 20, ಹತ್ತು ಪೊಟ್ಟಣ ಮತ್ತು ಚೀಟಿಗೆ 40 ಎಂದಿಟ್ಟುಕೊಳ್ಳಿ. ಖರ್ಚು 400. ಇನ್ನೂರು ಗ್ರಾಂ ಪೊಟ್ಟಣವನ್ನು 80 ರೂಪಾಯಿಗೆ ನೇರವಾಗಿ ಮಾರಿದರೆ 800 ಬರುತ್ತದೆ, 400 ಉಳಿಯುತ್ತದೆ. ಅಂಗಡಿಯವರಿಗೆ ನೂರಕ್ಕೆ ಇಪ್ಪತ್ತು ಬಿಟ್ಟರೆ ಉಳಿಯುವುದು 240, ಎಂದರೆ ಮೂರು ಗಂಟೆಯ ದುಡಿಮೆಗೆ ಗಂಟೆಗೆ 80. ಈ ಕೂಲಿ ನಿಮಗೆ ಒಪ್ಪಿಗೆಯಾಗದಿದ್ದರೆ ಅಂಗಡಿಗೆ ಕೊಡಬೇಡಿ. ಅಕ್ಕಪಕ್ಕದ ಮನೆಗಳಿಂದ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಿಂದಲೇ ಶುರುಮಾಡಿ. ತಕ್ಕಡಿಗೆ ಮತ್ತು ಪೊಟ್ಟಣದ ಬಾಯಿ ಬೆಸೆಯುವ ಯಂತ್ರಕ್ಕೆ ಉಳಿತಾಯದ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ.

ಪುಡಿ ಕೆಡುವುದು ತೇವದಿಂದ. ಬೆಳ್ಳುಳ್ಳಿಯನ್ನು ಹಸಿಯಾಗಿ ಹಾಕಿದರೆ ನೀರಿನಂಶ ಉಳಿಯುತ್ತದೆ, ಗರಿಗರಿಯಾಗುವವರೆಗೆ ಹುರಿಯಬೇಕು. ಬಿಸಿ ಪುಡಿ ತುಂಬಿದರೆ ಆವಿ ಒಳಗೇ ನೀರಾಗಿ ಗಂಟು ಕಟ್ಟುತ್ತದೆ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದರೆ ಶೇಂಗಾ ಬಿಸಿಯೇರಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳನ್ನು ಆರಿಸಿ ಎಸೆಯಲೇಬೇಕು. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಎಷ್ಟು ದಿನ ಇರುತ್ತದೆ ಎಂಬುದನ್ನು ಊಹಿಸಿ ಬರೆಯಬೇಡಿ. ಮೊದಲ ಸಲ ಮಾಡಿದ್ದರಲ್ಲಿ ಕೆಲವು ಪೊಟ್ಟಣ ತೆಗೆದಿಟ್ಟು, ವಾರಕ್ಕೊಂದರಂತೆ ಒಡೆದು ಮೂಸಿ, ರುಚಿ ನೋಡಿ. ಕಮಟು ವಾಸನೆ ಬಂದ ವಾರಕ್ಕಿಂತ ಸಾಕಷ್ಟು ಮುಂಚಿನ ದಿನವನ್ನೇ ಕೊನೆಯ ದಿನವೆಂದು ನಮೂದಿಸಿ. ಮಳೆಗಾಲದಲ್ಲಿ ಇನ್ನೂ ಕಡಿಮೆ ಇಟ್ಟುಕೊಳ್ಳಿ.

ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವರ್ಷದ ವಹಿವಾಟು ಸಣ್ಣದಾಗಿರುವವರಿಗೆ ದೊಡ್ಡ ಪರವಾನಗಿ ಬೇಡ, ನೋಂದಣಿ ಸಾಕು, FoSCoS ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಿಕ್ಕ ಸಂಖ್ಯೆಯ ಜೊತೆಗೆ ಹಾಕಿದ ಪದಾರ್ಥಗಳು, ತೂಕ, ತಯಾರಿಸಿದ ದಿನಾಂಕ ಚೀಟಿಯಲ್ಲಿ ಇರಲಿ. ಶೇಂಗಾ ಆಗದವರು ಇರುವುದರಿಂದ ಆ ಹೆಸರು ಎದ್ದು ಕಾಣಬೇಕು.

ಅದೇ ಮನೆಗಳು ಮತ್ತೆ ಕೇಳತೊಡಗಿದ ಮೇಲೆ ಅದೇ ಮಿಕ್ಸಿಯಲ್ಲಿ ಗುರೆಳ್ಳು, ಅಗಸೆ ಪುಡಿಗಳಿಗೆ ಕೈಹಾಕಬಹುದು. ಅಗಸೆಯ ಎಣ್ಣೆ ಬೇಗ ಕಮಟಾಗುತ್ತದೆ, ಅದನ್ನು ಕೇಳಿದಷ್ಟೇ ಮಾಡಿ.