ಬೀಜದ ಭತ್ತ ತೊಳೆಯುವ ಬಕೆಟ್ಟು ಮತ್ತು ಮಿಶ್ರಣದ ಸಮೀಕರಣ

ದ್ವಿತೀಯ ಪಿಯು ಗಣಿತದ ಅವಕಲ ಸಮೀಕರಣ ಪಾಠಕ್ಕೆ ಪಾಠಯೋಜನೆ ಬರೆಯುವಾಗ, ಮಿಶ್ರಣದ ಲೆಕ್ಕಕ್ಕೆ ‘ಒಂದು ಟ್ಯಾಂಕಿನಲ್ಲಿ ಉಪ್ಪುನೀರಿದೆ’ ಎಂದು ಆರಂಭಿಸಲು ನನಗೆ ಮನಸ್ಸಾಗಲಿಲ್ಲ. ಯಾರ ಟ್ಯಾಂಕು, ಉಪ್ಪು ಯಾಕೆ ಎಂದು ಮಕ್ಕಳು ಕೇಳಿದರೆ ಉತ್ತರ ಬೇಕಲ್ಲ. ಹೆಗ್ಗದ್ದೆಯ ಹೆಸರಿನಲ್ಲೇ ಗದ್ದೆ ಇದೆ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿಕಾಳು ಮುಳುಗುತ್ತದೆ. ಆದರೆ ಕಾಳಿಗೆ ಅಂಟಿದ ಉಪ್ಪು ಮೊಳಕೆಗೆ ಕೆಡುಕು, ಅದನ್ನು ತೊಳೆಯಲೇಬೇಕು. ಎಷ್ಟು ನೀರು ಬೇಕು ಎಂಬುದೇ ನಮ್ಮ ಲೆಕ್ಕ.

ಬಕೆಟ್ಟಿನಲ್ಲಿ 10 ಲೀಟರ್ ನೀರು, ಅದರಲ್ಲಿ 1000 ಗ್ರಾಂ ಉಪ್ಪು ಕರಗಿದೆ ಎನ್ನೋಣ. (ಕಾಳು ಹಿಡಿಯುವ ಜಾಗವನ್ನು ಸದ್ಯಕ್ಕೆ ಬಿಡೋಣ.) ನಿಮಿಷಕ್ಕೆ 1 ಲೀಟರ್ ಸಿಹಿನೀರು ಒಳಗೆ ಬರುತ್ತದೆ, ಕಲಕಿದ ನೀರು ಅಷ್ಟೇ ಹೊರಗೆ ಹೋಗುತ್ತದೆ. ‘ಹಾಗಾದರೆ ಹತ್ತು ನಿಮಿಷಕ್ಕೆ ಉಪ್ಪೆಲ್ಲ ಖಾಲಿ’ ಎಂಬ ಉತ್ತರ ತರಗತಿಯಲ್ಲಿ ಬಂದೇ ಬರುತ್ತದೆ. ಅದನ್ನು ತಕ್ಷಣ ಅಳಿಸಬೇಡಿ. ಪ್ರತಿ ನಿಮಿಷವೂ 100 ಗ್ರಾಂ ಹೋಗಬೇಕಾದರೆ ಹೊರಹೋಗುವ ನೀರು ಕೊನೆಯವರೆಗೂ ಮೊದಲಿನಷ್ಟೇ ಉಪ್ಪಾಗಿರಬೇಕು, ಇರುತ್ತದೆಯೇ ಎಂದು ಕೇಳಿ. ಸಮೀಕರಣ ಹುಟ್ಟುವುದು ಅಲ್ಲಿಯೇ. t ನಿಮಿಷದಲ್ಲಿ ಉಳಿದ ಉಪ್ಪು Q ಗ್ರಾಂ ಆದರೆ ಒಂದು ಲೀಟರಿನಲ್ಲಿ Q/10 ಗ್ರಾಂ ಇರುತ್ತದೆ, ಆದ್ದರಿಂದ

dQ/dt = −Q/10

ಚರಗಳನ್ನು ಬೇರ್ಪಡಿಸಿ ಅನುಕಲಿಸಿದರೆ Q = 1000 e^(−t/10). ಹತ್ತು ನಿಮಿಷದ ನಂತರವೂ 368 ಗ್ರಾಂ ಉಳಿದಿದೆ! ಮೊದಲ ನಿಮಿಷದಲ್ಲಿ ಸುಮಾರು 95 ಗ್ರಾಂ ಹೋದರೆ ಹತ್ತನೆಯ ನಿಮಿಷದಲ್ಲಿ ಹೋಗುವುದು 39 ಗ್ರಾಂ ಮಾತ್ರ. ಉಪ್ಪು 10 ಗ್ರಾಮಿಗೆ ಇಳಿಯಲು 10 ln 100, ಅಂದರೆ 46 ನಿಮಿಷ, 46 ಲೀಟರ್ ನೀರು.

ಮನೆಯಲ್ಲಿ ಅಜ್ಜಿಯರು ಹೀಗೆ ತೊಳೆಯುವುದಿಲ್ಲ, ಬಗ್ಗಿಸಿ ಚೆಲ್ಲುತ್ತಾರೆ. 9 ಲೀಟರ್ ಚೆಲ್ಲಿದರೆ ತಳದ 1 ಲೀಟರಿನಲ್ಲಿ 100 ಗ್ರಾಂ ಉಳಿಯುತ್ತದೆ. 9 ಲೀಟರ್ ತುಂಬಿ, ಕಲಕಿ, ಮತ್ತೆ ಅಷ್ಟೇ ಚೆಲ್ಲಿದರೆ 10 ಗ್ರಾಂ. ಇನ್ನೊಮ್ಮೆ ತುಂಬಿದರೆ 10 ಲೀಟರಿನಲ್ಲಿ 10 ಗ್ರಾಂ, ಮೇಲಿನ ಸ್ಥಿತಿಯೇ. ಹಿಡಿದ ನೀರು ಬರೀ 18 ಲೀಟರ್. ಹರಿಯುವ ನೀರಿನಲ್ಲಿ ಈಗಷ್ಟೇ ಬಂದ ಸಿಹಿನೀರೂ ಹೊರಹೋಗುವುದರಿಂದ ಈ ವ್ಯತ್ಯಾಸ. ನನ್ನ ಮಟ್ಟಿಗೆ ಪಾಠದ ಅತ್ಯಂತ ರುಚಿಯ ಭಾಗ ಇದು, ಇದಕ್ಕೆ ಹತ್ತು ನಿಮಿಷ ಮೀಸಲಿಡಬೇಕು.

ಒಳಬರುವ ನೀರಿನಲ್ಲೇ ಲೀಟರಿಗೆ 2 ಗ್ರಾಂ ಉಪ್ಪಿದ್ದರೆ dQ/dt + Q/10 = 2. ಇಂಟಿಗ್ರೇಟಿಂಗ್ ಫ್ಯಾಕ್ಟರ್ e^(t/10) ಬಳಸಿದರೆ Q = 20 + 980 e^(−t/10). ಎಷ್ಟು ಹೊತ್ತು ಹರಿಸಿದರೂ 20 ಗ್ರಾಮಿಗಿಂತ ಕೆಳಗೆ ಇಳಿಯದು.

ಇದೆಲ್ಲ ನಿಲ್ಲುವುದು ‘ಕಲಕಿದ’ ಎಂಬ ಪದದ ಮೇಲೆ. ಉಪ್ಪುನೀರು ಭಾರ, ತಳ ಹಿಡಿಯುತ್ತದೆ. ಕಲಕದೆ ಮೇಲಿನಿಂದ ಉಕ್ಕಿ ಹೋಗಲು ಬಿಟ್ಟರೆ ಸಿಹಿನೀರೇ ಹೊರಟುಹೋಗಿ, ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಉಪ್ಪು ಉಳಿಯುತ್ತದೆ. ಮೇಲಿನಿಂದ ಮತ್ತು ತಳದಿಂದ 100 ಮಿಲಿಲೀಟರಿನಂತೆ ತೆಗೆದು ತೂಗಿ ನೋಡಿ. ಆರಂಭದ ಉಪ್ಪುನೀರು ಸುಮಾರು 107 ಗ್ರಾಂ ತೂಗುತ್ತದೆ, ಸಿಹಿನೀರು 100. ಎರಡು ಮಾದರಿಗಳ ತೂಕ ಬೇರೆಯಾದರೆ Q/10 ಎಂದು ಬರೆಯುವ ಹಕ್ಕು ನಮಗಿಲ್ಲ.